ಏಳನೇ ವಯಸ್ಸಿಗೆ ತರಗತಿಗೇ ಎತ್ತರ, ಆಮೇಲೆ ಯಾಕೆ ಗಿಡ್ಡ?

(ಬೆಂಗಳೂರಿನ ಬಸವನಗುಡಿಯ ಶಾಲೆಯೊಂದರಲ್ಲಿ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಹಾರ್ಮೋನ್ ತೊಂದರೆಗಳನ್ನು ನೋಡುವ ವೈದ್ಯೆ. ನನ್ನ ಕ್ಲಿನಿಕ್ಕಿಗೆ ಎತ್ತರದ ವಿಚಾರವಾಗಿ ಬರುವವರಲ್ಲಿ ಹೆಚ್ಚಿನವರು "ಮಗು ಬೆಳೀತಾನೇ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮಕ್ಕಳ ಬಗ್ಗೆ ಅಲ್ಲ. ಯಾರೂ ಚಿಂತೆ ಮಾಡದ, ಎಲ್ಲರೂ ಹೊಗಳುವ ಒಂದು ಮಗುವಿನ ಬಗ್ಗೆ. ಎರಡನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ಹುಡುಗಿ ಅವಳು. ಮದುವೆ ಮನೆಯಲ್ಲಿ ನೆಂಟರು "ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ, ಅಪ್ಪನ ಹಾಗೇ ಆಗ್ತಾಳೆ" ಎನ್ನುತ್ತಾರೆ. ಒಂದು ವರ್ಷದಲ್ಲಿ ಎರಡು ಸಲ ಚಪ್ಪಲಿ ಬದಲಾಯಿಸಬೇಕಾಗುತ್ತದೆ. ಇಂಥ ಮಕ್ಕಳಲ್ಲಿ ಕೆಲವರು ಹದಿನೆಂಟು ವರ್ಷಕ್ಕೆ ಅದೇ ತರಗತಿಯ ಗಿಡ್ಡ ಹುಡುಗಿಯರಾಗುತ್ತಾರೆ. ಅದು ಹೇಗೆ ಎನ್ನುವುದೇ ಇವತ್ತಿನ ಮಾತು.

ಮೊದಲು ವಯಸ್ಸಿನ ಗೆರೆ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಹುಡುಗಿಯರಲ್ಲಿ ಎಂಟು ವರ್ಷ ತುಂಬುವ ಮೊದಲೇ ಎದೆ ಮೂಡತೊಡಗಿದರೆ, ಹುಡುಗರಲ್ಲಿ ಒಂಬತ್ತು ವರ್ಷಕ್ಕೆ ಮೊದಲೇ ವೃಷಣಗಳು ದೊಡ್ಡದಾಗತೊಡಗಿದರೆ ಅದನ್ನು ಅಕಾಲ ಪ್ರೌಢತೆ ಎನ್ನುತ್ತೇವೆ. ನಮ್ಮಲ್ಲಿ ಮೈನೆರೆಯುವುದು ಎಂದರೆ ಮುಟ್ಟು ಶುರುವಾದ ದಿನ ಎಂದೇ ಲೆಕ್ಕ. ವೈದ್ಯರ ಲೆಕ್ಕ ಹಾಗಲ್ಲ. ಮುಟ್ಟು ಈ ಪಯಣದ ಕೊನೆಯ ಭಾಗದಲ್ಲಿ ಬರುವಂಥದ್ದು. ಎದೆ ಮೂಡಿದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ಆ ಹೊತ್ತಿಗೆ ಹುಡುಗಿ ಎತ್ತರ ಬೆಳೆಯುವ ಭರಾಟೆಯ ಬಹುಪಾಲನ್ನು ಮುಗಿಸಿರುತ್ತಾಳೆ. ಸಾಮಾನ್ಯ ವಯಸ್ಸಿಗೆ ಮುಟ್ಟಾದವರು ಅಲ್ಲಿಂದ ಮುಂದೆ ಬೆಳೆಯುವುದು ಬಹಳ ಮಾಡಿ ಐದರಿಂದ ಏಳು ಸೆಂಟಿಮೀಟರ್. ಆದ್ದರಿಂದ "ಮುಟ್ಟು ಬರಲಿ, ಆಮೇಲೆ ತೋರಿಸೋಣ" ಎಂದು ಕಾದರೆ ಎತ್ತರದ ಮಟ್ಟಿಗೆ ಹೆಚ್ಚೇನೂ ಉಳಿದಿರುವುದಿಲ್ಲ.

ಈಗ ಮೂಳೆಯ ಒಳಗೆ ಹೋಗೋಣ. ತೊಡೆ, ಕಾಲು, ಕೈಯ ಉದ್ದ ಮೂಳೆಗಳು ಬೆಳೆಯುವುದು ತುದಿಗಳ ಬಳಿ. ಅಲ್ಲಿ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ, ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತೇವೆ. ಅದರ ಒಂದು ಅಂಚಿನಲ್ಲಿ ಸುಮ್ಮನೆ ಕಾದಿರುವ ಕೋಶಗಳಿವೆ. ಅವುಗಳಲ್ಲಿ ಕೆಲವು ಆಗಾಗ ಎಚ್ಚೆತ್ತು ಒಂದೊಂದಾಗಿ ವಿಭಜನೆಗೊಂಡು ಕಂಬದ ಹಾಗೆ ಸಾಲಾಗಿ ನಿಲ್ಲುತ್ತವೆ, ಉಬ್ಬುತ್ತವೆ, ಕೊನೆಗೆ ಅವುಗಳಿದ್ದ ಜಾಗಕ್ಕೆ ಗಟ್ಟಿ ಮೂಳೆ ಬಂದು ಕೂರುತ್ತದೆ. ಮೂಳೆ ಉದ್ದವಾಗುವುದು ಹೀಗೆ. ಕಾದಿರುವ ಆ ಕೋಶಗಳನ್ನು ರೈತನ ಮನೆಯ ಬೀಜದ ಭತ್ತ ಎಂದುಕೊಳ್ಳಿ. ಪ್ರತಿ ವರ್ಷ ಅಷ್ಟಷ್ಟೇ ತೆಗೆದು ಬಿತ್ತಿದರೆ ಬಹಳ ವರ್ಷ ಬೆಳೆ ಬರುತ್ತದೆ. ಒಂದೇ ಹಂಗಾಮಿಗೆ ಕಣಜ ಬರಿದು ಮಾಡಿದರೆ ಆ ವರ್ಷ ಭರ್ಜರಿ ಬೆಳೆ, ಮುಂದಕ್ಕೆ ಏನೂ ಇಲ್ಲ.

ಆ ಕಣಜವನ್ನು ಬೇಗ ಬರಿದು ಮಾಡುವುದು ಈಸ್ಟ್ರೋಜೆನ್ ಹಾರ್ಮೋನ್. ಅದಕ್ಕೆ ಎರಡು ಮುಖಗಳಿವೆ. ಒಂದು ಕಡೆ ಅದು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಗ್ರೋತ್ ಹಾರ್ಮೋನ್ ಹೆಚ್ಚು ಬರುವಂತೆ ಮಾಡಿ ಮಗುವನ್ನು ಸರಸರನೆ ಬೆಳೆಸುತ್ತದೆ. ಇನ್ನೊಂದು ಕಡೆ ಗ್ರೋತ್ ಪ್ಲೇಟ್‌ನ ಕಾದಿಟ್ಟ ಕೋಶಗಳನ್ನು ಬೇಗ ಮುಗಿಸುತ್ತದೆ, ಅಂದರೆ ಆ ಪದರಕ್ಕೆ ಬೇಗ ವಯಸ್ಸಾಗುತ್ತದೆ. ಈ ವಿಷಯ ಬಹಳ ಜನ ತಿರುಗುಮುರುಗಾಗಿ ತಿಳಿದಿರುವುದರಿಂದ ಒತ್ತಿ ಹೇಳುತ್ತೇನೆ: ಈಸ್ಟ್ರೋಜೆನ್ ಬಂದು ಪ್ಲೇಟ್‌ಗೆ ಬೀಗ ಹಾಕುವುದಲ್ಲ. ಅದು ಕೋಶಗಳು ಖಾಲಿಯಾಗುವುದನ್ನು ಚುರುಕುಗೊಳಿಸುತ್ತದೆ. ಖಾಲಿಯಾದ ಮೇಲೆ ಮೂಳೆಯ ಎರಡು ಭಾಗಗಳೂ ಬೆಸೆದುಕೊಳ್ಳುತ್ತವೆ. ಹೀಗಾಗಿ ಆರನೇ ವರ್ಷಕ್ಕೆ ಶುರುವಾದ ಈಸ್ಟ್ರೋಜೆನ್ ಮಾಡಿದ ಖರ್ಚನ್ನು ಎಂಟನೇ ವರ್ಷಕ್ಕೆ ಔಷಧ ಕೊಟ್ಟು ವಾಪಸ್ ಪಡೆಯಲು ಆಗುವುದಿಲ್ಲ. ಇನ್ನು ಮುಂದಿನ ಖರ್ಚನ್ನು ತಡೆಯಬಹುದು, ಅಷ್ಟೇ.

ಹುಡುಗರಲ್ಲಿ ಟೆಸ್ಟೋಸ್ಟೆರೋನ್ ಅಲ್ಲವೇ ಕೆಲಸ ಮಾಡುವುದು ಎಂದು ನೀವು ಕೇಳಬಹುದು. ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. 1994ರಲ್ಲಿ ಅಮೆರಿಕದಿಂದ ಒಬ್ಬ ಪುರುಷನ ವರದಿ ಬಂತು. ವಯಸ್ಸು 28, ಎತ್ತರ 204 ಸೆಂಟಿಮೀಟರ್, ಇನ್ನೂ ನಿಧಾನವಾಗಿ ಬೆಳೆಯುತ್ತಲೇ ಇದ್ದ. ಟೆಸ್ಟೋಸ್ಟೆರೋನ್ ಸರಿಯಾಗಿಯೇ ಇತ್ತು, ಗಡ್ಡಮೀಸೆ ಬಂದಿತ್ತು, ಆದರೆ ಮೂಳೆಗಳು ಹದಿನೈದರ ಹುಡುಗನಂತಿದ್ದವು. ಜೀನ್‌ನ ದೋಷದಿಂದ ಅವನ ದೇಹಕ್ಕೆ ಈಸ್ಟ್ರೋಜೆನ್ನನ್ನು ಗುರುತಿಸಲು ಆಗುತ್ತಿರಲಿಲ್ಲ. ಗಂಡು ದೇಹದಲ್ಲಿ ಟೆಸ್ಟೋಸ್ಟೆರೋನ್‌ನ ಒಂದು ಪಾಲು ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ, ಮೂಳೆಯ ಬೆಳವಣಿಗೆಯನ್ನು ಕೊನೆಗಾಣಿಸುವುದು ಅದೇ ಎಂಬುದು ಆ ಒಬ್ಬ ಮನುಷ್ಯನಿಂದ ನಮಗೆ ಸ್ಪಷ್ಟವಾಯಿತು. ನನ್ನ ಮಟ್ಟಿಗೆ ನಮ್ಮ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠ ಕಲಿಸಿದ ರೋಗಿ ಇನ್ನೊಬ್ಬನಿಲ್ಲ.

ಸರಿ, ಈಗ ಲೆಕ್ಕ. ಒಂದೇ ಬೆಂಚಿನ ಇಬ್ಬರು ಹುಡುಗಿಯರನ್ನು ತೆಗೆದುಕೊಳ್ಳೋಣ, ಇಬ್ಬರಿಗೂ ಸರಿಯಾಗಿ ಏಳು ವರ್ಷ. ಒಬ್ಬಳ ಎತ್ತರ 119 ಸೆಂಟಿಮೀಟರ್, ಇನ್ನೊಬ್ಬಳದು 128. ಮೊದಲನೆಯವಳು ಆ ವಯಸ್ಸಿನ ನಮ್ಮ ಮಕ್ಕಳ ಸರಾಸರಿಯ ಆಸುಪಾಸಿನಲ್ಲಿದ್ದಾಳೆ. ಎರಡನೆಯವಳು ಅವಳಿಗಿಂತ ಒಂಬತ್ತು ಸೆಂಟಿಮೀಟರ್ ಮುಂದಿದ್ದಾಳೆ. ಇಷ್ಟೇ ನೋಡಿದರೆ ಯಾರ ತಾಯಿ ಖುಷಿಯಾಗಿರಬೇಕು ಎಂಬುದರಲ್ಲಿ ಸಂಶಯವೇ ಇಲ್ಲ.

ಆದರೆ ಇಬ್ಬರ ಎಡಗೈಯ ಎಕ್ಸ್-ರೇ ತೆಗೆಯೋಣ. ಎಡಗೈಯೇ ಯಾಕೆಂದರೆ ಹೋಲಿಸಿ ನೋಡುವ ಪುಸ್ತಕ ಎಡಗೈ ಚಿತ್ರಗಳಿಂದಲೇ ಆಗಿದೆ, ಮತ್ತು ಒಂದು ಅಂಗೈಯಲ್ಲೇ ಎರಡು ಡಜನ್‌ಗಿಂತ ಹೆಚ್ಚು ಮೂಳೆಗಳು ಒಟ್ಟಿಗೆ ಸಿಗುತ್ತವೆ. ಫಿಲ್ಮನ್ನು ಬೆಳಕಿಗೆ ಹಿಡಿದರೆ ಪ್ರತಿ ಬೆರಳ ಮೂಳೆಯ ಬುಡದಲ್ಲಿ ಬೇರೆಯಾಗಿ ಕೂತ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಬಿಲ್ಲೆಗೂ ಮೂಳೆಗೂ ನಡುವೆ ಒಂದು ಕಪ್ಪು ಗೆರೆ. ಆ ಕಪ್ಪು ಗೆರೆಯೇ ಗ್ರೋತ್ ಪ್ಲೇಟ್. ಮೃದ್ವಸ್ಥಿ ಎಕ್ಸ್-ರೇಯಲ್ಲಿ ಬಿಳಿಯಾಗಿ ಬೀಳುವುದಿಲ್ಲ, ಅದಕ್ಕೇ ಖಾಲಿ ಜಾಗದಂತೆ ತೋರುತ್ತದೆ. ವಯಸ್ಸಾದ ಹಾಗೆ ಬಿಲ್ಲೆ ಅಗಲವಾಗಿ ಮೂಳೆಯಷ್ಟೇ ಅಗಲಕ್ಕೆ ಬರುತ್ತದೆ, ಆಮೇಲೆ ಅದರ ಅಂಚುಗಳು ಟೋಪಿಯಂತೆ ಮೂಳೆಯ ಮೇಲೆ ಬಾಗುತ್ತವೆ, ಕಡೆಗೆ ಕಪ್ಪು ಗೆರೆಯೇ ಮಾಯವಾಗುತ್ತದೆ. ಹುಡುಗಿಯರಲ್ಲಿ ಹೆಬ್ಬೆರಳ ಬುಡದ ಬಳಿ ಹನ್ನೊಂದರ ಆಸುಪಾಸಿಗೆ ಕಾಳಿನಷ್ಟು ಚಿಕ್ಕ ಮೂಳೆಯೊಂದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಏಳು ವರ್ಷದ ಮಗುವಿನ ಕೈಯಲ್ಲಿ ಆ ಕಾಳು ಕಂಡರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ಇವನ್ನೆಲ್ಲ ಗ್ರೂಲಿಕ್ ಮತ್ತು ಪೈಲ್ ಎಂಬುವರ ಚಿತ್ರಸಂಪುಟದೊಂದಿಗೆ ಹೋಲಿಸಿ ಮೂಳೆಯ ವಯಸ್ಸು, ಅಂದರೆ ಬೋನ್ ಏಜ್, ಎಷ್ಟೆಂದು ಹೇಳುತ್ತೇವೆ. ನಮ್ಮ ಮೊದಲ ಹುಡುಗಿಯ ಬೋನ್ ಏಜ್ ಏಳು ಎಂದಿಟ್ಟುಕೊಳ್ಳಿ, ಎರಡನೆಯವಳದು ಹತ್ತು. ಯಾವ ಬೋನ್ ಏಜ್‌ಗೆ ಹುಡುಗಿ ತನ್ನ ಪೂರ್ತಿ ಎತ್ತರದ ಶೇಕಡಾ ಎಷ್ಟನ್ನು ಮುಗಿಸಿರುತ್ತಾಳೆ ಎಂಬುದಕ್ಕೆ ಬೇಲಿ ಮತ್ತು ಪಿನ್ನೋ ಎಂಬುವರು 1952ರಲ್ಲಿ ಕೊಟ್ಟ ಕೋಷ್ಟಕವನ್ನು ಇವತ್ತಿಗೂ ಬಳಸುತ್ತೇವೆ. ಅದರ ಪ್ರಕಾರ ಬೋನ್ ಏಜ್ ಏಳಕ್ಕೆ ಶೇಕಡಾ 75.7 ಮುಗಿದಿರುತ್ತದೆ, ಹತ್ತಕ್ಕೆ ಶೇಕಡಾ 86.2.

ಭಾಗಿಸಿ ನೋಡಿ. 119 ಭಾಗಿಸು 0.757, ಸುಮಾರು 157 ಸೆಂಟಿಮೀಟರ್. 128 ಭಾಗಿಸು 0.862, ಸುಮಾರು 148 ಸೆಂಟಿಮೀಟರ್. ಇವತ್ತು ಒಂಬತ್ತು ಸೆಂಟಿಮೀಟರ್ ಮುಂದಿರುವ ಹುಡುಗಿ ಕೊನೆಗೆ ಒಂಬತ್ತು ಸೆಂಟಿಮೀಟರ್ ಹಿಂದೆ. ಅವಳ ತಂದೆ 168, ತಾಯಿ 155 ಎಂದುಕೊಳ್ಳಿ. ತಂದೆಯ ಎತ್ತರದಿಂದ 13 ಕಳೆದು, ತಾಯಿಯದನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಆ ಮನೆಯ ಹೆಣ್ಣುಮಗು 155ರ ಆಸುಪಾಸಿಗೆ ಬರಬೇಕು. 148 ಎಂದರೆ ಮನೆತನದ ಅಳತೆಗಿಂತ ಸುಮಾರು ಏಳು ಸೆಂಟಿಮೀಟರ್ ಕಡಿಮೆ. ಅವಳು ಎತ್ತರವಾಗಿರುವುದಕ್ಕೆ ಕಾರಣ ಅವಳ ಮೂಳೆಗಳು ಹತ್ತು ವರ್ಷದವಾಗಿರುವುದು. ಹತ್ತು ವರ್ಷದ ಹುಡುಗಿ ಎಂದು ನೋಡಿದರೆ 128 ಸೆಂಟಿಮೀಟರ್ ಗಿಡ್ಡವೇ ಅಲ್ಲವೇ? ಮಧ್ಯದ ಮೂರು ವರ್ಷ, ವರ್ಷಕ್ಕೆ ಐದಾರು ಸೆಂಟಿಮೀಟರ್‌ನಂತೆ ನೆಮ್ಮದಿಯಾಗಿ ಬೆಳೆಯಬೇಕಾಗಿದ್ದ ಬಾಲ್ಯದ ಬೆಳವಣಿಗೆಯಲ್ಲಿ ದೊಡ್ಡ ಪಾಲು ಅವಳ ಕೈತಪ್ಪಿದೆ.

ಈ ಲೆಕ್ಕವನ್ನು ಗೋಡೆಗೆ ಬರೆದಿಡಬೇಡಿ. ಆ ಚಿತ್ರಗಳೂ ಕೋಷ್ಟಕವೂ ಬಹಳ ಹಿಂದಿನ ಆರೋಗ್ಯವಂತ ಅಮೆರಿಕನ್ ಮಕ್ಕಳಿಂದ ಆದವು. ಒಂದೇ ಫಿಲ್ಮನ್ನು ಇಬ್ಬರು ವೈದ್ಯರು ಓದಿದರೆ ಅರ್ಧ ವರ್ಷದ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಮೂಳೆ ಮುಂದೋಡಿದ ಮಕ್ಕಳಿಗೆಂದೇ ಅದೇ ಕೋಷ್ಟಕದಲ್ಲಿ ಬೇರೊಂದು ಭಾಗವಿದೆ, ಅದರಲ್ಲಿ ಹಾಕಿದರೆ ಈ ಹುಡುಗಿಗೆ ಇನ್ನೂ ಹೆಚ್ಚಿನ ಎತ್ತರ ಬರುತ್ತದೆ. ಆದರೆ ಅಕಾಲ ಪ್ರೌಢತೆಯಲ್ಲಿ ಅದು ಸುಳ್ಳು ಆಸೆ ಹುಟ್ಟಿಸುತ್ತದೆ ಎಂಬ ಕಾರಣಕ್ಕೆ ಸರಾಸರಿ ಭಾಗವನ್ನೇ ನೋಡುವುದು ನನ್ನ ರೂಢಿ. ಐದು ಸೆಂಟಿಮೀಟರ್ ಆ ಕಡೆ ಈ ಕಡೆ ಆಗುವುದು ಮಾಮೂಲು. ಹಾಗಾಗಿ ಒಂದೇ ಎಕ್ಸ್-ರೇ ಹಿಡಿದು ನಾನು ತೀರ್ಮಾನ ಹೇಳುವುದಿಲ್ಲ. ಬೆಳವಣಿಗೆಯ ವೇಗವನ್ನು ನೋಡುತ್ತೇನೆ.

ಆ ವೇಗವನ್ನು ಅಳೆಯುವುದು ನೀವು, ಮನೆಯಲ್ಲಿ. ಸ್ಕರ್ಟಿಂಗ್ ಇಲ್ಲದ ಗೋಡೆ ಅಥವಾ ಬಾಗಿಲ ಚೌಕಟ್ಟು ಹುಡುಕಿ. ಚಪ್ಪಲಿ, ಸಾಕ್ಸ್ ತೆಗೆಸಿ. ಜುಟ್ಟು, ಕ್ಲಿಪ್, ಎತ್ತಿ ಕಟ್ಟಿದ ಜಡೆ ಎಲ್ಲ ಬಿಚ್ಚಿಸಿ, ಒಂದು ಜುಟ್ಟಿನಲ್ಲೇ ಎರಡು ಸೆಂಟಿಮೀಟರ್ ಅಡಗಿರುತ್ತದೆ. ಹಿಮ್ಮಡಿ, ಹಿಂಭಾಗ, ಬೆನ್ನು ಗೋಡೆಗೆ ತಾಗಲಿ, ನೋಟ ನೇರ ಮುಂದಕ್ಕಿರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬವಾಗಿ ಒತ್ತಿ ತಲೆಯ ಮೇಲೆ ಇಳಿಸಿ, ತಳದಲ್ಲಿ ಪೆನ್ಸಿಲ್ ಗುರುತು ಹಾಕಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಆರು ತಿಂಗಳಿಗೊಮ್ಮೆ ಸಾಕು, ಸಾಧ್ಯವಾದರೆ ಅದೇ ಹೊತ್ತಿನಲ್ಲಿ, ಏಕೆಂದರೆ ಸಂಜೆ ಹೊತ್ತಿಗೆ ಎಲ್ಲರೂ ಒಂದಿಷ್ಟು ಕುಗ್ಗುತ್ತೇವೆ. ನಾಲ್ಕು ವರ್ಷದಿಂದ ಪ್ರೌಢತೆಯ ತನಕ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಆರೇಳು ವರ್ಷದ ಹುಡುಗಿ ಒಂದೇ ವರ್ಷದಲ್ಲಿ ಎಂಟು ಒಂಬತ್ತು ಬೆಳೆದರೆ, ಜೊತೆಗೆ ಎದೆಯೂ ಮೂಡಿದ್ದರೆ, ಆ ಗೋಡೆಯ ಫೋಟೋ ತೆಗೆದುಕೊಂಡು ಮಕ್ಕಳ ವೈದ್ಯರ ಹತ್ತಿರ ಬನ್ನಿ. ನಮಗೆ ಅದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದಿಲ್ಲ.

ಎದೆ ಮೂಡಿದ್ದು ಹೇಗೆ ಗೊತ್ತಾಗುತ್ತದೆ? ಮೊದಲಿಗೆ ಮೊಲೆತೊಟ್ಟಿನ ಅಡಿಯಲ್ಲಿ ನಾಣ್ಯದಂಥ ಒಂದು ಗಟ್ಟಿ, ಮುಟ್ಟಿದರೆ ಸ್ವಲ್ಪ ನೋವು. ಎಷ್ಟೋ ಸಲ ಒಂದೇ ಕಡೆ ಶುರುವಾಗುತ್ತದೆ, ತಾಯಂದಿರು ಗಡ್ಡೆ ಎಂದು ಹೆದರಿ ಓಡಿ ಬರುತ್ತಾರೆ. ದಯವಿಟ್ಟು ನೆನಪಿಡಿ, ಅದನ್ನು ಕತ್ತರಿಸಿ ತೆಗೆಸಬಾರದು. ಮುಂದೆ ಸ್ತನವಾಗಬೇಕಾದ್ದು ಅಷ್ಟೇ ಜಾಗದಲ್ಲಿ ಇರುತ್ತದೆ. ಮೈ ತುಂಬಿಕೊಂಡ ಮಕ್ಕಳಲ್ಲಿ ಬರೀ ಕೊಬ್ಬು ಎದೆಯಂತೆ ಕಾಣುತ್ತದೆ, ಒತ್ತಿ ನೋಡಿದರೆ ಆ ನಾಣ್ಯ ಸಿಗುವುದಿಲ್ಲ. ಎರಡು ವರ್ಷದೊಳಗಿನ ಹೆಣ್ಣು ಕೂಸುಗಳಲ್ಲಿ ಎದೆ ಸ್ವಲ್ಪ ಉಬ್ಬಿ, ಬೆಳೆಯದೆ ಹಾಗೇ ಇದ್ದು ತಾನಾಗಿಯೇ ಇಳಿಯುವುದೂ ಉಂಟು. ಬರೀ ಕಂಕುಳಲ್ಲಿ ಕೂದಲು, ಬೆವರಿನ ವಾಸನೆ ಬಂದರೆ ಅದು ಬಹುತೇಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕೆಲಸ. ಪರೀಕ್ಷೆ ಮಾಡಿಸಿಕೊಳ್ಳಿ, ಆದರೆ ಅದೊಂದರಿಂದಲೇ ಎತ್ತರ ಹೋಯಿತು ಎಂದು ಕಂಗಾಲಾಗಬೇಡಿ.

ನಮ್ಮ 128 ಸೆಂಟಿಮೀಟರ್ ಹುಡುಗಿಗೆ ಮುಂದೇನು? ಅಪ್ಪಣೆ ಮೆದುಳಿನಿಂದಲೇ ಬರುತ್ತಿದೆಯೇ ಎಂದು ನೋಡಬೇಕು. ಸಾಮಾನ್ಯ ಪ್ರೌಢತೆಯಲ್ಲಿ ಹೈಪೋಥಲಾಮಸ್ ಎಂಬ ಭಾಗ ಒಂದು ಒಂದೂವರೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಪ್ರತಿ ಚಿಮ್ಮಿಗೂ ಪಿಟ್ಯುಟರಿ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಬಿಡುತ್ತದೆ, ಅದರಿಂದ ಅಂಡಾಶಯ ಈಸ್ಟ್ರೋಜೆನ್ ತಯಾರಿಸುತ್ತದೆ. ಇದೇ ಏರ್ಪಾಡು ಬೇಗ ಎಚ್ಚೆತ್ತಿದ್ದರೆ ರಕ್ತದ ಎಲ್‌ಎಚ್‌ನಲ್ಲಿ ಗೊತ್ತಾಗುತ್ತದೆ. ಸಂಶಯವಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಪಿಟ್ಯುಟರಿಯನ್ನು ಕೆಣಕಿ ಮತ್ತೆ ರಕ್ತ ತೆಗೆಯುತ್ತೇವೆ. ಎಲ್‌ಎಚ್ ಐದನ್ನು ದಾಟಿ ಏರಿದರೆ ಮೆದುಳೇ ಎಚ್ಚೆತ್ತಿದೆ ಎಂದರ್ಥ. ಹೆಣ್ಣುಮಕ್ಕಳಲ್ಲಿ ಬಹುಪಾಲು ಸಂದರ್ಭದಲ್ಲಿ ಇದಕ್ಕೆ ಬೇರೆ ಕಾರಣ ಸಿಗುವುದಿಲ್ಲ. ಆರು ವರ್ಷದೊಳಗಿನ ಹುಡುಗಿಯರಿಗೆ ಮತ್ತು ಎಲ್ಲ ಹುಡುಗರಿಗೆ ಮಾತ್ರ ಮೆದುಳಿನ ಎಂಆರ್‌ಐ ಬೇಕೇ ಬೇಕು, ಅವರಲ್ಲಿ ಒಳಗೊಂದು ಗಂಟು ಇರುವ ಸಾಧ್ಯತೆ ಹೆಚ್ಚು.

ಒಂದು ವಿಚಿತ್ರ ಅಪವಾದವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಎದೆ ಮೂಡಿದೆ, ರಕ್ತಸ್ರಾವವೂ ಆಗಿದೆ, ಆದರೆ ಮಗು ವರ್ಷದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆದಿದೆ, ಬೋನ್ ಏಜ್ ಮುಂದೋಡುವ ಬದಲು ಹಿಂದುಳಿದಿದೆ. ಹೀಗೆ ಕಂಡರೆ ಮೊದಲು ಥೈರಾಯ್ಡ್ ಪರೀಕ್ಷೆ. ಬಹಳ ದಿನ ಗಮನಕ್ಕೆ ಬಾರದ ತೀವ್ರ ಥೈರಾಯ್ಡ್ ಕೊರತೆ ಹೀಗೆ ವೇಷ ಹಾಕುತ್ತದೆ. ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಎಲ್ಲವೂ ಹಿಂದೆ ಸರಿಯುತ್ತದೆ.

ಮೆದುಳಿನಿಂದ ಬಂದ ಅಕಾಲ ಪ್ರೌಢತೆಗೆ ಕೊಡುವ ಚಿಕಿತ್ಸೆ ಕೇಳಿದರೆ ಆಶ್ಚರ್ಯವಾಗುತ್ತದೆ. ಪ್ರೌಢತೆಯನ್ನು ಶುರು ಮಾಡುವ ಹಾರ್ಮೋನಿನದೇ ಬಲವಾದ ನಕಲನ್ನು ಇಂಜೆಕ್ಷನ್ ಮಾಡುತ್ತೇವೆ. 1978ರಲ್ಲಿ ಅರ್ನ್ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ತೋರಿಸಿದ ವಿಷಯ ಇದಕ್ಕೆ ಅಡಿಪಾಯ: ಜಿಎನ್‌ಆರ್‌ಎಚ್ ಗಂಟೆಗೊಮ್ಮೆ ಚಿಮ್ಮಿ ಬಂದರೆ ಪಿಟ್ಯುಟರಿ ಓಗೊಡುತ್ತದೆ, ಎಡೆಬಿಡದೆ ಹರಿದರೆ ಮೌನವಾಗುತ್ತದೆ. ಲ್ಯೂಪ್ರೊಲೈಡ್, ಟ್ರಿಪ್ಟೊರೆಲಿನ್ ಎಂಬ ಡಿಪೋ ಇಂಜೆಕ್ಷನ್‌ಗಳು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವಂಥವು, ಔಷಧವನ್ನು ನಿಲ್ಲದೆ ಬಿಡುತ್ತಿರುತ್ತವೆ. ಮೊದಲ ಕೆಲವು ದಿನ ಪಿಟ್ಯುಟರಿ ಕೆರಳುತ್ತದೆ, ಒಮ್ಮೆ ರಕ್ತಸ್ರಾವ ಕಾಣಬಹುದು. ಅದನ್ನು ಮೊದಲೇ ಹೇಳದಿದ್ದರೆ ಮನೆಯವರು ಔಷಧ ತಿರುಗಿಬಿತ್ತು ಎಂದುಕೊಳ್ಳುತ್ತಾರೆ. ಆಮೇಲೆ ಎಲ್ಲ ತಣ್ಣಗಾಗುತ್ತದೆ.

ಆಗ ಇನ್ನೊಂದು ದೂರು ಶುರು: "ಮೊದಲು ಎಷ್ಟು ಚೆನ್ನಾಗಿ ಬೆಳೀತಿದ್ಲು, ನಿಮ್ಮ ಸೂಜಿ ಹಾಕಿಸಿದ ಮೇಲೆ ನಿಂತೇ ಹೋಯ್ತು." ಹೌದು, ವರ್ಷಕ್ಕೆ ಒಂಬತ್ತು ಇದ್ದದ್ದು ನಾಲ್ಕು ಐದಕ್ಕೆ ಇಳಿಯುತ್ತದೆ. ಬೇಕಾಗಿರುವುದೂ ಅದೇ. ನಮ್ಮ ಹುಡುಗಿಯ ಲೆಕ್ಕವನ್ನು ಮುಂದುವರಿಸಿದರೆ ತಿಳಿಯುತ್ತದೆ. ಮೂರು ವರ್ಷ ಚಿಕಿತ್ಸೆಯಲ್ಲಿ ಅವಳು 13 ಸೆಂಟಿಮೀಟರ್ ಬೆಳೆದು 141ಕ್ಕೆ ಬಂದಳು. ಅಷ್ಟರಲ್ಲಿ ಬೋನ್ ಏಜ್ ಹತ್ತರಿಂದ ಹನ್ನೊಂದೂವರೆಗೆ ಮಾತ್ರ ಸರಿಯಿತು. ಹನ್ನೊಂದೂವರೆಗೆ ಕೋಷ್ಟಕ ಹೇಳುವುದು ಶೇಕಡಾ 91.4. ಈಗ 141 ಭಾಗಿಸು 0.914, ಸುಮಾರು 154. ಅಂದರೆ ಮೊದಲಿನ 148ಕ್ಕಿಂತ ಐದಾರು ಹೆಚ್ಚು, ಅಪ್ಪ ಅಮ್ಮನ ಅಳತೆಗೆ ಹತ್ತಿರ. ಕೋಷ್ಟಕ ತೋರಿಸಿದಷ್ಟು ನಿಜವಾಗಿ ಸಿಗದೆ ಇರುವುದೂ ಇದೆ. ಹೆಚ್ಚು ಲಾಭವಾಗುವುದು ಆರು ವರ್ಷಕ್ಕೆ ಮೊದಲೇ ಶುರುವಾದ ಮಕ್ಕಳಿಗೆ. ಎಂಟು ದಾಟಿದ ಮೇಲೆ ಶುರು ಮಾಡಿದರೆ ಎತ್ತರದಲ್ಲಿ ಗಿಟ್ಟುವುದು ಬಹಳ ಕಡಿಮೆ. ಏಳರಿಂದ ಎಂಟರ ನಡುವೆ ಎದೆ ಮೂಡಿ, ನಿಧಾನವಾಗಿ ಮುಂದುವರಿಯುತ್ತಿರುವ ಹುಡುಗಿಯರು ಅನೇಕರು ಯಾವ ಚಿಕಿತ್ಸೆಯೂ ಇಲ್ಲದೆ ತಮ್ಮ ಮನೆತನದ ಎತ್ತರಕ್ಕೆ ಬರುತ್ತಾರೆ. ಅಂಥವರನ್ನು ಆರು ತಿಂಗಳು ಅಳೆದು ನೋಡಿ ಆಮೇಲೆ ನಿರ್ಧರಿಸುತ್ತೇನೆ. ಎತ್ತರ ಹೆಚ್ಚಿಸುವ ಪುಡಿಗಳ ಬಗ್ಗೆ ಒಂದೇ ಮಾತು: ಬೋನ್ ಏಜನ್ನು ತಡೆಯುವ ಪುಡಿ ಯಾವುದೂ ಇಲ್ಲ.

ಹುಡುಗರ ವಿಷಯವನ್ನು ಇಲ್ಲೇ ಸೇರಿಸುತ್ತೇನೆ. ಅವರಲ್ಲಿ ಮೊದಲ ಗುರುತು ವೃಷಣದ ಗಾತ್ರ, ಅದನ್ನು ಮನೆಯಲ್ಲಿ ಯಾರೂ ನೋಡಿರುವುದಿಲ್ಲ. ನಮ್ಮ ಬಳಿ ದಾರಕ್ಕೆ ಪೋಣಿಸಿದ ಬೇರೆ ಬೇರೆ ಗಾತ್ರದ ಮಣಿಗಳಿರುತ್ತವೆ, ಅವುಗಳಿಗೆ ಹೋಲಿಸಿ ನೋಡುತ್ತೇವೆ. ನಾಲ್ಕು ಮಿಲಿಲೀಟರ್ ಮಣಿಯಷ್ಟಾದರೆ ಪ್ರೌಢತೆ ಶುರುವಾಗಿದೆ. ಕೂದಲು ಬಂದು, ಶಿಶ್ನ ಬೆಳೆದು, ವೃಷಣ ಮಾತ್ರ ಚಿಕ್ಕದಾಗೇ ಇದ್ದರೆ ಹಾರ್ಮೋನ್ ಬೇರೆಡೆಯಿಂದ, ಹೆಚ್ಚಾಗಿ ಅಡ್ರಿನಲ್‌ನಿಂದ ಬರುತ್ತಿದೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಚಿಕಿತ್ಸೆ ಇಲ್ಲದ ಹಳೆಯ ಕಾಲದ ವರದಿಗಳಲ್ಲಿ ಹುಡುಗರು ಕಳೆದುಕೊಂಡ ಎತ್ತರ ಹುಡುಗಿಯರಿಗಿಂತಲೂ ಹೆಚ್ಚು, ಸುಮಾರು 20 ಸೆಂಟಿಮೀಟರ್‌ವರೆಗೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಕೇಳಿದರು: "ಅಲ್ಲಮ್ಮಾ, ಇಷ್ಟು ವರ್ಷ ಸೂಜಿ ಹಾಕಿ ತಡೆದ್ರೆ ಮುಂದೆ ಮಗೂಗೆ ಮುಟ್ಟೇ ನಿಂತು ಹೋಗಲ್ವೇ? ಮಕ್ಕಳಾಗೋದಕ್ಕೆ ತೊಂದ್ರೆ ಇಲ್ವೇ?"

ಇಲ್ಲ ಅಜ್ಜಿ. ಔಷಧ ಪಿಟ್ಯುಟರಿಯನ್ನು ಮಲಗಿಸುತ್ತದೆ, ಕೆಡಿಸುವುದಿಲ್ಲ. ಸಾಮಾನ್ಯವಾಗಿ ಹನ್ನೊಂದು ವರ್ಷದ ಆಸುಪಾಸಿಗೆ, ಬೋನ್ ಏಜ್ ಹನ್ನೆರಡರ ಹತ್ತಿರ ಬಂದಾಗ, ಗೆಳತಿಯರೂ ದೊಡ್ಡವರಾಗುತ್ತಿರುವ ಹೊತ್ತಿಗೆ ನಿಲ್ಲಿಸುತ್ತೇವೆ. ಹೆಚ್ಚಿನವರಿಗೆ ಒಂದು ಒಂದೂವರೆ ವರ್ಷದಲ್ಲಿ ಮುಟ್ಟು ಬರುತ್ತದೆ. ಹೀಗೆ ಚಿಕಿತ್ಸೆ ಪಡೆದು ದೊಡ್ಡವರಾದ ಹೆಣ್ಣುಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ ಮುಟ್ಟು ನಿಯಮಿತವಾಗಿದೆ, ಬಸಿರಿಗೂ ಅಡ್ಡಿ ಕಂಡಿಲ್ಲ.

ಇನ್ನೊಬ್ಬ ತಾಯಿ ಕೇಳಿದ್ದು ಇಂಜೆಕ್ಷನ್ ತಡವಾದರೆ ಏನಾಗುತ್ತದೆ ಎಂದು. ಪರೀಕ್ಷೆ, ಊರಿಗೆ ಹೋಗುವುದು, ಹಬ್ಬ, ಹೀಗೆ ಎರಡು ಮೂರು ವಾರ ಜಾರಿದರೆ ಪಿಟ್ಯುಟರಿ ಮತ್ತೆ ಎಚ್ಚರಗೊಳ್ಳಬಹುದು, ಮುಂದಿನ ಡೋಸ್ ಕೊಟ್ಟಾಗ ಮೊದಲ ಸಲದ ಹಾಗೇ ಕೆರಳಲೂಬಹುದು. ಎದೆ ಮತ್ತೆ ನೋಯತೊಡಗಿದರೆ, ಗೋಡೆಯ ಗುರುತು ಆರು ತಿಂಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಮೇಲೇರಿದರೆ ಔಷಧ ಸಾಲುತ್ತಿಲ್ಲ ಎಂದು ಅನುಮಾನಿಸಿ, ಎಲ್‌ಎಚ್ ಮತ್ತೆ ಪರೀಕ್ಷಿಸುತ್ತೇವೆ. ಮುಂದಿನ ಇಂಜೆಕ್ಷನ್ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಊರಿಗೆ ಹೋಗುವುದಿದ್ದರೆ ಒಂದೆರಡು ದಿನ ಮೊದಲೇ ಹಾಕಿಸಿಕೊಂಡು ಹೋಗಿ ಎಂದು ಅವರಿಗೆ ಹೇಳಿದೆ.